ಸಿಟ್ಟಿನ ಮೇಲ್‌ಗೆ ಲೆಕ್ಕದ ಉತ್ತರ

‘ನಿಮ್ಮ ಕ್ವಾಲಿಟಿ ನೋಡಿದರೆ ವಾಕರಿಕೆ ಬರುತ್ತದೆ. ಅರ್ಧ ಲಾಟ್ ಗುಜರಿ. ಒಂದು ಬುಷ್ ಮಾಡಲಿಕ್ಕೂ ಬರದವರು ಕಾರ್ಖಾನೆ ಯಾಕೆ ಇಟ್ಟುಕೊಂಡಿದ್ದೀರಿ? ಬೆಳಗಾದರೆ ಪೇಮೆಂಟ್ ಪೇಮೆಂಟ್ ಅಂತ ಭಿಕ್ಷೆ ಬೇಡುವುದನ್ನು ಮೊದಲು ನಿಲ್ಲಿಸಿ. ಎರಡು ದಿನದಲ್ಲಿ ನಿಮ್ಮ ಕಸ ನೀವು ಎತ್ತಿಕೊಂಡು ಹೋಗದಿದ್ದರೆ ಸ್ಕ್ರ್ಯಾಪ್‌ಗೆ ಹಾಕಿ ನಿಮಗೇ ಡೆಬಿಟ್ ಮಾಡುತ್ತೇವೆ. ಇನ್ನು ಮುಂದೆ ನಮ್ಮಿಂದ ಒಂದು ಆರ್ಡರ್ ಕೂಡ ಸಿಗುವುದಿಲ್ಲ.’

ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಜುಲೈ 24ರ ಸಂಜೆ ಬಂದ ಇ-ಮೇಲ್ ಇದು. ಬರೆದವರು ಮಾಲು ಕೊಂಡ ಕಂಪನಿಯ ಪರ್ಚೇಸ್ ಮ್ಯಾನೇಜರ್. ಪ್ರತಿ ಹೋಗಿದ್ದು ಐದು ಜನರಿಗೆ, ಅವರಲ್ಲಿ ಒಬ್ಬರು ಆ ಕಂಪನಿಯ ನಿರ್ದೇಶಕರು. ಮೂಲ ಇಂಗ್ಲಿಷಿನಲ್ಲಿತ್ತು, ಅದರ ಬಿಸಿ ಆರದಂತೆ ಕನ್ನಡಕ್ಕೆ ತಂದಿದ್ದೇನೆ. ಇಂಥ ಘಟಕಗಳ ಪತ್ರವ್ಯವಹಾರಕ್ಕೆ ನೆರವಾಗುವುದು ನನ್ನ ಕೆಲಸ. ಯಾರ ಗುರುತೂ ಸಿಗದಿರಲಿ ಎಂದು ಮಾಲು, ತಾರೀಖು, ಮೊತ್ತಗಳನ್ನು ಬದಲಿಸಿದ್ದೇನೆ. ಮಾತಿನ ವರಸೆಯನ್ನು ಹಾಗೇ ಉಳಿಸಿಕೊಂಡಿದ್ದೇನೆ.

ಹಿನ್ನೆಲೆ ಇಷ್ಟೇ. ಸ್ಟೇನ್‌ಲೆಸ್ ಸ್ಟೀಲಿನ 4,000 ಬುಷ್‌ಗಳ ಆರ್ಡರ್, ಒಂದಕ್ಕೆ 85 ರೂಪಾಯಿ. ಶೇ 18 ಜಿಎಸ್‌ಟಿ ಸೇರಿ ಬಿಲ್ಲು 4,01,200 ರೂಪಾಯಿ. ಮಾಲು ಜೂನ್ 3ರಂದು ಅವರ ಸ್ಟೋರ್ಸ್ ತಲುಪಿ, ಡೆಲಿವರಿ ಚಲನ್ ಮೇಲೆ ಸೀಲು ಬಿದ್ದಿತ್ತು. ಆರ್ಡರಿನಲ್ಲಿ ಬರೆದಿದ್ದ ಪಾವತಿ ಅವಧಿ 45 ದಿನ, ಅಂದರೆ ಜುಲೈ 18. ಆ ದಿನ ಕಳೆದ ಮೇಲೆ, 22ರಂದು, ಲೆಕ್ಕ ನೋಡಿಕೊಳ್ಳುವ ಹುಡುಗಿ ಎರಡೇ ಸಾಲಿನಲ್ಲಿ ಬಾಕಿಯನ್ನು ನೆನಪಿಸಿದ್ದಳು. ಅದಕ್ಕೆ ಬಂದ ಉತ್ತರ ಮೇಲಿನದು.

ಅದನ್ನು ಓದಿದ ಮಾಲೀಕರು ಅಲ್ಲೇ ನಿಂತು ಉತ್ತರ ಹೇಳಿ ಬರೆಸಿದರು. ‘ನಿಮ್ಮ ಇನ್‌ಸ್ಪೆಕ್ಟರ್‌ಗೆ ಮೊದಲು ಗೇಜ್ ಹಿಡಿಯುವುದು ಕಲಿಸಿ. ಒಂದಿಷ್ಟು ಪೀಸ್ ಹಾಳಾಗಿದ್ದಕ್ಕೆ ಊರೆಲ್ಲ ಕೇಳುವ ಹಾಗೆ ಕೂಗಾಡುವುದೇ? ಮೂರು ವರ್ಷದಿಂದ ನಿಮ್ಮನ್ನು ಸಹಿಸಿಕೊಂಡಿದ್ದೇವೆ. ನಮ್ಮ ದುಡ್ಡು ನಮಗೆ ಬಿಸಾಕಿ, ನಿಮ್ಮ ಆರ್ಡರ್ ನೀವೇ ಇಟ್ಟುಕೊಳ್ಳಿ.’ ಹುಡುಗಿ ಟೈಪ್ ಮಾಡಿದಳು, ಕಳಿಸಲಿಲ್ಲ. ಅದರ ಬದಲು ತಾನೇ ಇನ್ನೊಂದು ಕರಡು ಬರೆದಳು. ‘ತಮಗಾದ ತೊಂದರೆಗೆ ಕ್ಷಮೆ ಇರಲಿ ಸರ್. ಆದಷ್ಟು ಬೇಗ ಇಡೀ ಲಾಟ್ ಬದಲಿಸಿ ಕೊಡುತ್ತೇವೆ. ದಯವಿಟ್ಟು ಅನ್ಯಥಾ ಭಾವಿಸದೆ ಪೇಮೆಂಟ್ ಬಿಡುಗಡೆ ಮಾಡಬೇಕಾಗಿ ವಿನಂತಿ.’

ಎರಡೂ ನನ್ನ ಮುಂದೆ ಬಂದವು. ಮೊದಲನೆಯದು ಒರಟು, ಎರಡನೆಯದು ನಯ ಎನ್ನುವುದು ಮೇಲುನೋಟ. ಕೆಲಸದ ಲೆಕ್ಕದಲ್ಲಿ ನೋಡಿದರೆ ಎರಡೂ ಒಂದೇ ತಪ್ಪು ಮಾಡುತ್ತಿದ್ದವು. ನಾವು ಬಿಡಬಾರದ ವಿಷಯವನ್ನು ಎರಡೂ ಬಿಟ್ಟುಕೊಡುತ್ತಿದ್ದವು.

ಸಿಟ್ಟಿನ ಕರಡಿನ ಎರಡನೇ ವಾಕ್ಯ ನೋಡಿ. ‘ಒಂದಿಷ್ಟು ಪೀಸ್ ಹಾಳಾಗಿದ್ದಕ್ಕೆ’ ಎಂದಾಗ ಪೀಸ್‌ಗಳು ಹಾಳಾಗಿವೆ ಎಂದು ನಾವೇ ಲಿಖಿತವಾಗಿ ಒಪ್ಪಿಕೊಂಡಂತಾಯಿತು. ಅವುಗಳನ್ನು ನಮ್ಮವರು ಆವರೆಗೆ ಕಣ್ಣಿಂದ ಕೂಡ ನೋಡಿರಲಿಲ್ಲ. ಕೋಪದಲ್ಲಿ ಬರೆದಾಗ ಇಂಥದ್ದು ಸದ್ದಿಲ್ಲದೆ ಆಗಿಹೋಗುತ್ತದೆ. ಎದುರಿನವರನ್ನು ಹಂಗಿಸುವ ಭರದಲ್ಲಿ ಅವರ ಆರೋಪವನ್ನೇ ನಮ್ಮ ವಾಕ್ಯದೊಳಗೆ ನಿಜವೆಂದು ಕೂರಿಸಿಬಿಡುತ್ತೇವೆ.

ನಯದ ಕರಡು ಇನ್ನೂ ದುಬಾರಿ. ‘ಇಡೀ ಲಾಟ್ ಬದಲಿಸಿ ಕೊಡುತ್ತೇವೆ’ ಎಂಬ ಒಂದು ಮಾತಿನಿಂದ 4,000 ಪೀಸೂ ದೋಷಪೂರಿತ ಎಂದು ಒಪ್ಪಿದಂತೆ. ಹೊಸ ಮಾಲು ತಲುಪುವವರೆಗೆ ಹಣ ಕೇಳುವ ಹಕ್ಕೂ ಮುಂದಕ್ಕೆ ಹೋದಂತೆ. ಬಿಲ್ಲಿನ ಅವಧಿ ಮುಗಿದಿದೆ ಎಂಬ ಒಂದೇ ಗಟ್ಟಿ ಸಂಗತಿ ‘ವಿನಂತಿ’ಯ ಕೆಳಗೆ ಮುಚ್ಚಿಹೋಗಿತ್ತು. ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಳು. ಆದರೆ ನಮ್ಮ ಕಚೇರಿಗಳಲ್ಲಿ ‘ತೊಂದರೆಗೆ ಕ್ಷಮಿಸಿ’ ಎಂಬುದು ನಮಸ್ಕಾರದಷ್ಟೇ ಸಲೀಸಾಗಿ ಬೆರಳಿಗೆ ಬರುತ್ತದೆ. ಹಣದ ತಕರಾರಿನಲ್ಲಿ ಅದನ್ನು ನಮಸ್ಕಾರ ಎಂದು ಯಾರೂ ಓದುವುದಿಲ್ಲ.

ಬೈಗುಳ ತೆಗೆದರೆ ಉಳಿಯುವುದೇನು

ಇಂಥ ಮೇಲ್ ಬಂದಾಗ ನಾನು ಮೊದಲು ಅದನ್ನು ಪ್ರಿಂಟ್ ತೆಗೆದು ಪೆನ್ನು ಹಿಡಿಯುತ್ತೇನೆ. ನಮ್ಮ ಯೋಗ್ಯತೆ, ಬುದ್ಧಿ, ನಡತೆ ಕುರಿತ ಎಲ್ಲ ಮಾತನ್ನೂ ಹೊಡೆದು ಹಾಕುತ್ತೇನೆ. ವಾಕರಿಕೆ, ಬುಷ್ ಮಾಡಲು ಬರದವರು, ಭಿಕ್ಷೆ, ಕಸ ಎಲ್ಲ ಹೋದವು. ಮುಂದೆ ಆರ್ಡರ್ ಸಿಗುವುದಿಲ್ಲ ಎಂಬುದೂ ಹೋಯಿತು. ಅದು ಅವರ ಇಷ್ಟ, ಅದಕ್ಕೆ ನಾವು ಕೊಡಬೇಕಾದ ಉತ್ತರವಿಲ್ಲ.

ಉಳಿದದ್ದು ಮೂರು ಮಾತು. ಅರ್ಧ ಲಾಟ್ ಸರಿಯಿಲ್ಲ ಎಂಬ ಹೇಳಿಕೆ. ಎರಡು ದಿನದಲ್ಲಿ ಮಾಲು ವಾಪಸ್ ಒಯ್ಯಿರಿ ಎಂಬ ಬೇಡಿಕೆ. ಒಯ್ಯದಿದ್ದರೆ ಸ್ಕ್ರ್ಯಾಪ್ ಮಾಡಿ ಡೆಬಿಟ್ ಹಾಕುತ್ತೇವೆ ಎಂಬ ಎಚ್ಚರಿಕೆ. ಅಷ್ಟೊಂದು ಅಬ್ಬರದಲ್ಲಿ ಉತ್ತರಕ್ಕೆ ಬೇಕಾದದ್ದು ಇಷ್ಟೇ. ಬೇಕಾಗಿದ್ದೂ ಅದರಲ್ಲಿ ಇಲ್ಲದ್ದು ಇನ್ನೂ ಹೆಚ್ಚಿತ್ತು. ಎಷ್ಟು ಪೀಸ್ ಪರೀಕ್ಷಿಸಿದರು, ಯಾವ ಅಳತೆ ತಪ್ಪಿದೆ, ಯಾವ ಗೇಜ್, ಯಾವ ತಾರೀಖು, ಒಂದೂ ಇರಲಿಲ್ಲ. ‘ಅರ್ಧ’ ಎಂಬುದು ಎಣಿಸಿ ಹೇಳಿದ ಮಾತಲ್ಲ ಎಂದು ಅಲ್ಲೇ ಗೊತ್ತಾಗುತ್ತಿತ್ತು.

ಆಮೇಲೆ ದಾಖಲೆ ಹುಡುಕಬೇಕು. ಈ ಹಂತವನ್ನು ಹಾರಿಸಿ ಬರೆದ ಉತ್ತರ ಎಷ್ಟೇ ಸೌಮ್ಯವಾಗಿದ್ದರೂ ಟೊಳ್ಳು. ನಮ್ಮ ಇನ್‌ಬಾಕ್ಸ್‌ನಲ್ಲಿ ಜೂನ್ 3ರಿಂದ ಜುಲೈ 22ರವರೆಗೆ ಆ ಕಂಪನಿಯಿಂದ ಮಾಲಿನ ಬಗ್ಗೆ ಏನೂ ಬಂದಿರಲಿಲ್ಲ. ಮಾಲೀಕರಿಗೆ ಅಷ್ಟೇ ಸಾಕಾಗಿತ್ತು. ಶಾಪ್‌ಫ್ಲೋರ್‌ನ ಸೂಪರ್‌ವೈಸರನ್ನು ಕೇಳಿದಾಗ ಅವರ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಸಿಕ್ಕಿತು. ಜೂನ್ 12ರಂದು ಎದುರು ಕಂಪನಿಯ ಕ್ವಾಲಿಟಿಯವರು ಕಳಿಸಿದ್ದು: 200 ಪೀಸ್‌ನಲ್ಲಿ ಒಳವ್ಯಾಸ ಬಿಗಿ ಬರುತ್ತಿದೆ, ನೋಡಿ. ಸೂಪರ್‌ವೈಸರ್ ‘ಆಯ್ತು ಸರ್’ ಎಂದು ಉತ್ತರಿಸಿ ಮರೆತಿದ್ದರು.

ಈ ಸಂದೇಶ ನಮಗೆ ಅನುಕೂಲವಾದದ್ದಲ್ಲ. ಆದರೂ ಅದು ಸಿಕ್ಕಿದ್ದು ನಮ್ಮ ಪುಣ್ಯ. ಏಕೆಂದರೆ ಮಾಲೀಕರ ಲೆಕ್ಕದಂತೆ ‘ನೀವು ಇವತ್ತಿನವರೆಗೆ ಒಂದು ದೂರನ್ನೂ ಕೊಟ್ಟಿಲ್ಲ’ ಎಂದು ಬರೆದಿದ್ದರೆ, ಮರುದಿನ ಆ ವಾಟ್ಸ್‌ಆ್ಯಪ್ ಚಿತ್ರ ಐದೂ ಜನರ ಮುಂದೆ ಬರುತ್ತಿತ್ತು. ಅಲ್ಲಿಂದ ಮುಂದೆ ನಾವು ಹೇಳುವ ಯಾವ ಅಂಕಿಯನ್ನೂ ಯಾರೂ ನಂಬುತ್ತಿರಲಿಲ್ಲ.

ಹದಿನೈದು ದಿನದ ಮಾತು

ಇಲ್ಲಿ ಕಾನೂನಿನ ಒಂದು ತುಂಡು ತಿಳಿದಿರಬೇಕು. ಅದು ತಿಳಿದಿದ್ದರೆ ಉತ್ತರದ ಧ್ವನಿ ತಾನಾಗಿಯೇ ತಗ್ಗುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಂದ ಮಾಲು ಕೊಂಡವರು, ಒಪ್ಪಂದದಲ್ಲಿ ಏನೇ ಇದ್ದರೂ, ಮಾಲು ಸ್ವೀಕಾರವಾದ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದವೇ ಇಲ್ಲದಿದ್ದರೆ ಅವಧಿ 15 ದಿನ. ಮಾಲು ‘ಸ್ವೀಕಾರ’ವಾಯಿತು ಎನ್ನುವುದು ಯಾವಾಗ? ಮಾಲು ತಲುಪಿದ 15 ದಿನದೊಳಗೆ ಕೊಂಡವರು ಲಿಖಿತವಾಗಿ ಆಕ್ಷೇಪಿಸದಿದ್ದರೆ ತಲುಪಿದ ದಿನವೇ ಸ್ವೀಕಾರದ ದಿನ. ಆಕ್ಷೇಪಿಸಿದ್ದರೆ, ಆ ಆಕ್ಷೇಪವನ್ನು ಮಾರಿದವರು ಸರಿಪಡಿಸಿದ ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ.

ನಮ್ಮ ಪ್ರಕರಣದಲ್ಲಿ 15ನೇ ದಿನ ಜೂನ್ 18. ಅಷ್ಟರೊಳಗೆ ಬಂದ ಆಕ್ಷೇಪ 200 ಪೀಸಿಗೆ ಮಾತ್ರ. ವಾಟ್ಸ್‌ಆ್ಯಪ್ ಸಂದೇಶವನ್ನು ಲಿಖಿತವಲ್ಲ ಎಂದು ತಳ್ಳಿಹಾಕಲು ಹೋಗುವುದು ವ್ಯರ್ಥ. ಎಲೆಕ್ಟ್ರಾನಿಕ್ ರೂಪದ ಬರಹವನ್ನು ಲಿಖಿತವೆಂದು 2000ದ ಐಟಿ ಕಾಯ್ದೆಯೇ ಒಪ್ಪುತ್ತದೆ. ಉಳಿದ 3,800 ಪೀಸಿನ ಬಗ್ಗೆ ಜುಲೈ 24ರವರೆಗೆ ಏನೂ ಇಲ್ಲ. ಹಾಗಾಗಿ ನಾವು ಬಿಡಬಾರದ ವಿಷಯ ಇಡೀ ಬಿಲ್ಲಲ್ಲ, 3,800 ಪೀಸಿನ ಹಣ. 200 ಪೀಸಿನ 20,060 ರೂಪಾಯಿ ಕಳೆದರೆ 3,81,140 ರೂಪಾಯಿ. 200ರ ಆಕ್ಷೇಪ ಇಡೀ ಲಾಟನ್ನೇ ತಡೆಯುತ್ತದೆ ಎಂದು ಎದುರಿನ ವಕೀಲರು ವಾದಿಸಲು ಜಾಗವಿದೆ. ಮೊದಲ ಉತ್ತರದಲ್ಲೇ ಕಲಮು, ಬಡ್ಡಿ ಎಂದು ಎತ್ತದಿರಲು ಅದೂ ಒಂದು ಕಾರಣ.

‘ಇಡೀ ಲಾಟ್ ಬದಲಿಸುತ್ತೇವೆ’ ಎಂಬ ನಯದ ಮಾತಿನ ಬೆಲೆ ಎಷ್ಟಿತ್ತು ಎಂಬುದು ಈಗ ಸ್ಪಷ್ಟವಾಗುತ್ತದೆ. ಅವಧಿ ಮೀರಿ ಬಂದ ಆಕ್ಷೇಪವನ್ನು ನಾವೇ ಒಪ್ಪಿಕೊಂಡು, 45 ದಿನದ ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡಲು ದಾರಿ ಮಾಡಿಕೊಡುತ್ತಿದ್ದೆವು.

ಮಾಲೀಕರಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ. ‘ಅಂದರೆ ಅವನು ಬೈದದ್ದಕ್ಕೆ ನಾವು ಏನೂ ಅನ್ನಬಾರದಾ?’ ಅವರ ನೋವು ನಿಜವಾದದ್ದು. ಮೂವತ್ತು ಜನರಿಗೆ ಸಂಬಳ ಕೊಡುವ ಮನುಷ್ಯನನ್ನು ಭಿಕ್ಷುಕ ಎಂದು ಐದು ಜನರ ಮುಂದೆ ಕರೆದಿದ್ದಾರೆ. ನಾನು ಹೇಳಿದ್ದು ಇಷ್ಟು: ಈ ಉತ್ತರವನ್ನು ನಾವು ಆ ಪರ್ಚೇಸ್ ಮ್ಯಾನೇಜರ್‌ಗೆ ಬರೆಯುತ್ತಿಲ್ಲ. ಹೆಸರು ಅವರದ್ದಿರುತ್ತದೆ. ಓದಬೇಕಾದವರು ಪ್ರತಿಯಲ್ಲಿರುವ ನಿರ್ದೇಶಕರು. ಅಲ್ಲಿ ಬಗೆಹರಿಯದಿದ್ದರೆ ಮುಂದೊಂದು ದಿನ ಈ ಕಡತ ತೆರೆಯುವ ಮೂರನೆಯವರು. ಅವರಿಗೆ ಈ ಜಗಳದ ಹಿಂದುಮುಂದು ಗೊತ್ತಿರುವುದಿಲ್ಲ. ಒಂದು ಮೇಲ್‌ನಲ್ಲಿ ಬೈಗುಳ ಇರುತ್ತದೆ, ಇನ್ನೊಂದರಲ್ಲಿ ತಾರೀಖು, ಸಂಖ್ಯೆ, ಮೊತ್ತ ಇರುತ್ತವೆ. ಯಾವುದನ್ನು ನಂಬಬೇಕು ಎಂದು ನಾವು ಹೇಳಿಕೊಡಬೇಕಾಗಿಲ್ಲ.

ಕಳಿಸಿದ ಉತ್ತರ

ಮರುದಿನ ಬೆಳಿಗ್ಗೆ ಹೋದ ಮೇಲ್ ಹೀಗಿತ್ತು.

‘ಮಾನ್ಯರೆ,

ಜುಲೈ 24ರ ನಿಮ್ಮ ಮೇಲ್ ತಲುಪಿದೆ.

4,000 ಬುಷ್‌ಗಳು ಜೂನ್ 3ರಂದು ನಿಮ್ಮ ಸ್ಟೋರ್ಸ್‌ಗೆ ತಲುಪಿವೆ. ಸೀಲಾದ ಚಲನ್ ಮತ್ತು ನಮ್ಮ ತಪಾಸಣಾ ವರದಿ ಲಗತ್ತಿಸಿದ್ದೇವೆ. ಜೂನ್ 12ರಂದು ನಿಮ್ಮ ಕ್ವಾಲಿಟಿ ವಿಭಾಗ 200 ಪೀಸ್‌ಗಳ ಒಳವ್ಯಾಸದ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿತ್ತು. ಅದಕ್ಕೆ ನಾವು ಆಗಲೇ ಬಂದು ನೋಡಬೇಕಿತ್ತು, ನೋಡಲಿಲ್ಲ. ಆ ವಿಳಂಬಕ್ಕೆ ವಿಷಾದಿಸುತ್ತೇವೆ. ಉಳಿದ 3,800 ಪೀಸ್‌ಗಳ ಬಗ್ಗೆ ಜುಲೈ 24ಕ್ಕೆ ಮೊದಲು ಯಾವ ಆಕ್ಷೇಪವೂ ನಮ್ಮ ದಾಖಲೆಯಲ್ಲಿಲ್ಲ. ನಿಮ್ಮಲ್ಲಿದ್ದರೆ ಕಳಿಸಿಕೊಡಿ, ಪರಿಶೀಲಿಸುತ್ತೇವೆ.

ಜುಲೈ 28, ಸೋಮವಾರ ಬೆಳಿಗ್ಗೆ 10.30ಕ್ಕೆ ನಮ್ಮ ಸೂಪರ್‌ವೈಸರ್ ಪ್ಲಗ್ ಗೇಜ್‌ನೊಂದಿಗೆ ನಿಮ್ಮಲ್ಲಿಗೆ ಬರುತ್ತಾರೆ. ನಿಮ್ಮ ಇನ್‌ಸ್ಪೆಕ್ಟರ್ ಜೊತೆ ಸೇರಿ ಆ 200 ಪೀಸ್‌ಗಳನ್ನೂ ನೀವು ದೋಷವಿದೆ ಎನ್ನುವ ಇತರ ಪೀಸ್‌ಗಳನ್ನೂ ಪರೀಕ್ಷಿಸಿ ಅಳತೆಗಳಿಗೆ ಇಬ್ಬರೂ ಸಹಿ ಮಾಡಲಿ. ಡ್ರಾಯಿಂಗ್‌ಗೆ ಹೊಂದದ ಪ್ರತಿ ಪೀಸನ್ನೂ ನಮ್ಮ ಖರ್ಚಿನಲ್ಲಿ ಬದಲಿಸುತ್ತೇವೆ.

ಅಲ್ಲಿಯವರೆಗೆ ಮಾಲನ್ನು ಪ್ರತ್ಯೇಕವಾಗಿ ಇರಿಸಿ. ಜಂಟಿ ತಪಾಸಣೆಗೆ ಮೊದಲು ಸ್ಕ್ರ್ಯಾಪ್ ಮಾಡಿದ ಮಾಲಿನ ಡೆಬಿಟ್ ನೋಟನ್ನು ನಾವು ಒಪ್ಪುವುದಿಲ್ಲ.

3,800 ಪೀಸ್‌ಗಳ ಬಾಬ್ತು 3,81,140 ರೂಪಾಯಿ ಜುಲೈ 18ಕ್ಕೆ ಪಾವತಿಯಾಗಬೇಕಿತ್ತು. ಜುಲೈ 31ರೊಳಗೆ ಪಾವತಿಸಿ. 200 ಪೀಸ್‌ಗಳ ಲೆಕ್ಕ ತಪಾಸಣೆಯ ನಂತರ ಇತ್ಯರ್ಥ ಮಾಡೋಣ.’

ಕೆಳಗೆ ಮಾಲೀಕರ ಹೆಸರು, ಫೋನ್ ನಂಬರು. ಇನ್ನೇನೂ ಇಲ್ಲ.

ಮೊದಲ ಸಾಲು ‘ತಲುಪಿದೆ’ ಎಂದಷ್ಟೇ ಹೇಳುತ್ತದೆ. ‘ನಿಮ್ಮ ಸೌಜನ್ಯಪೂರ್ಣ ಪತ್ರಕ್ಕೆ ಧನ್ಯವಾದ’ ಎಂದು ಚುಚ್ಚುವ ಆಸೆ ಮಾಲೀಕರಿಗೆ ಇತ್ತು. ಇ-ಮೇಲ್‌ನಲ್ಲಿ ವ್ಯಂಗ್ಯ ನಾವು ಅಂದುಕೊಂಡಂತೆ ದಾಟುವುದಿಲ್ಲ. ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತಿತರರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಮ್ಮ ಮಾತು ವ್ಯಂಗ್ಯವೋ ಅಲ್ಲವೋ ಎಂಬುದು ಓದುಗರಿಗೆ ಸುಮಾರು ಶೇ 78ರಷ್ಟು ಸಲ ಸರಿಯಾಗಿ ಹೊಳೆಯುತ್ತದೆ ಎಂದು ಬರೆದವರು ನಂಬಿದ್ದರು. ನಿಜಕ್ಕೂ ಹೊಳೆದದ್ದು ಶೇ 56ರಷ್ಟು ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ ಶೇ 50ರಷ್ಟು ಸರಿಯಾಗುತ್ತಿತ್ತು. ಬರೆಯುವವರ ಕಿವಿಯಲ್ಲಿ ತಮ್ಮದೇ ದನಿ ಕೇಳುತ್ತಿರುತ್ತದೆ, ಓದುವವರಿಗೆ ಅದು ಕೇಳುವುದಿಲ್ಲ. ಹೀಗಾಗಿ ಚುಚ್ಚುಮಾತು ಒಂದೋ ನಾಟುವುದಿಲ್ಲ, ಇಲ್ಲವೇ ಬೇಕಾದ್ದಕ್ಕಿಂತ ಆಳಕ್ಕೆ ನಾಟುತ್ತದೆ.

ಕ್ಷಮೆಯ ವಿಷಯದಲ್ಲಿ ನಾನು ಸ್ವಲ್ಪ ನಿಲ್ಲಬೇಕು. ಕ್ಯಾಲಿಫೋರ್ನಿಯಾದ ವಕೀಲ, ಮಧ್ಯಸ್ಥಗಾರ ಬಿಲ್ ಎಡ್ಡಿ ಕಲಹಪ್ರಿಯರಿಗೆ ಪತ್ರ ಬರೆಯುವ ರೀತಿಯನ್ನೇ ಬಹುಕಾಲ ಕಲಿಸಿದವರು. ಉತ್ತರ ಚಿಕ್ಕದಿರಲಿ, ಮಾಹಿತಿ ಇರಲಿ, ಸ್ನೇಹದ ದನಿ ಇರಲಿ, ದೃಢವಿರಲಿ ಎನ್ನುತ್ತಾರೆ. ಉಪದೇಶ, ಛೀಮಾರಿ, ಕ್ಷಮಾಪಣೆ ಮೂರೂ ಬೇಡ ಎನ್ನುತ್ತಾರೆ. ಉಪದೇಶ ಮತ್ತು ಛೀಮಾರಿಯ ವಿಷಯದಲ್ಲಿ ನನ್ನದು ಪೂರ್ತಿ ಸಮ್ಮತಿ. ‘ಗೇಜ್ ಹಿಡಿಯುವುದು ಕಲಿಸಿ’ ಎಂಬುದರಲ್ಲಿ ಎರಡೂ ಇದ್ದವು. ಕ್ಷಮೆಯನ್ನು ಮಾತ್ರ ನಾನು ಪೂರಾ ಕೈಬಿಡುವುದಿಲ್ಲ. ನಮ್ಮ ಲೋಪ ನಿಜವಾಗಿದ್ದರೆ, ಅದನ್ನು ಅಳತೆ ಮಾಡಿ, ಅದಕ್ಕಷ್ಟೇ ವಿಷಾದ ಹೇಳಬೇಕು. ಮೇಲಿನ ಉತ್ತರದಲ್ಲಿ ವಿಷಾದ ಇರುವುದು ಜೂನ್ 12ರ ಸಂದೇಶಕ್ಕೆ ಸ್ಪಂದಿಸದೆ ಇದ್ದುದಕ್ಕೆ. ಪೀಸ್ ಕೆಟ್ಟಿದೆ ಎಂದು ಅದು ಒಪ್ಪಿಲ್ಲ. ಆ ಸಂದೇಶವನ್ನು ಬಚ್ಚಿಟ್ಟಿದ್ದರೆ ನಿರ್ದೇಶಕರ ಕಣ್ಣಲ್ಲಿ ನಾವು ಜಾರಿಕೊಳ್ಳುವವರಾಗುತ್ತಿದ್ದೆವು. ಒಪ್ಪಿಕೊಂಡದ್ದರಿಂದ ಮುಂದಿನ ವಾಕ್ಯದ ‘3,800’ಕ್ಕೆ ತೂಕ ಬಂತು.

ಪ್ರತಿಯ ವಿಷಯವೂ ಸಣ್ಣದಲ್ಲ. ಅವರು ಹಾಕಿದ ಐದೂ ಹೆಸರನ್ನು ಹಾಗೇ ಉಳಿಸಿದೆವು. ಮುಜುಗರಕ್ಕೆ ಅಂಜಿ ಪರ್ಚೇಸ್ ಮ್ಯಾನೇಜರ್ ಒಬ್ಬರಿಗೇ ಉತ್ತರಿಸಿದ್ದರೆ ಉಳಿದವರ ಬಳಿ ಆರೋಪ ಮಾತ್ರ ಉಳಿಯುತ್ತಿತ್ತು. ಹೊಸಬರನ್ನು ಸೇರಿಸಲೂ ಇಲ್ಲ. ವಕೀಲರ ಹೆಸರನ್ನೋ ಸಂಘದ ಪದಾಧಿಕಾರಿಗಳ ಹೆಸರನ್ನೋ ಪ್ರತಿಯಲ್ಲಿ ತೂರಿಸಿದರೆ ಮೇಲ್‌ನ ಪ್ರತಿ ಪದವೂ ಬೆದರಿಕೆಯಂತೆ ಕಾಣತೊಡಗುತ್ತದೆ.

‘ವಿತೌಟ್ ಪ್ರಿಜುಡೀಸ್’ ಎಂದು ಮೇಲೆ ಬರೆಯೋಣವೇ ಎಂದು ಹುಡುಗಿ ಕೇಳಿದಳು. ಅನೇಕರು ಅದನ್ನು ರಕ್ಷಾಕವಚ ಎಂದುಕೊಂಡು ಎಲ್ಲ ಪತ್ರಕ್ಕೂ ಅಂಟಿಸುತ್ತಾರೆ. ರಾಜಿಯ ಮಾತುಕತೆಯಲ್ಲಿ ನಾವು ಒಪ್ಪಿದ್ದನ್ನು ನಾಳೆ ನಮ್ಮ ವಿರುದ್ಧ ಸಾಕ್ಷ್ಯವಾಗಿ ಬಳಸಬಾರದು ಎಂಬುದಕ್ಕೆ ಇರುವ ಮಾತು ಅದು. ಇಲ್ಲಿ ನಮ್ಮ ಉದ್ದೇಶ ತಿರುಗಾಮುರುಗಾ: ಈ ಮೇಲ್ ನಾಳೆ ಸಾಕ್ಷ್ಯವಾಗಿ ಬೇಕು. ಆದ್ದರಿಂದ ಬೇಡ ಎಂದೆ. ‘ಇಷ್ಟು ಕಡಿಮೆ ಮಾಡಿಕೊಳ್ಳುತ್ತೇವೆ, ಮುಗಿಸೋಣ’ ಎಂಬ ಪ್ರಸ್ತಾವ ಬರೆಯುವುದಿದ್ದರೆ ಅದು ಬೇರೆಯೇ ಪತ್ರವಾಗಬೇಕು, ಅದರ ಮೇಲೆ ಆ ಪದ ಇರಲಿ.

ಕಳಿಸುವ ಹೊತ್ತಿನ ಬಗ್ಗೆ ಒಂದೆರಡು ಮಾತು. ‘ರಿಪ್ಲೈ’ ಒತ್ತಿ ಕರಡು ಬರೆಯುವ ಅಭ್ಯಾಸ ಬಿಡಬೇಕು. ಹೊಸ ಮೇಲ್ ತೆರೆದು, ವಿಳಾಸದ ಜಾಗ ಖಾಲಿ ಬಿಟ್ಟು ಬರೆದರೆ ಕೈತಪ್ಪಿ ಹೋಗುವ ಭಯವಿಲ್ಲ. ಕೊನೆಗೆ ಆ ಬರಹವನ್ನು ಮೂಲ ಸರಣಿಗೆ ಅಂಟಿಸಿ ಕಳಿಸಬಹುದು. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂಪಡೆಯಲು ಸಿಗುವುದು ಹೆಚ್ಚೆಂದರೆ 30 ಸೆಕೆಂಡು, ಅದೂ ಸೆಟ್ಟಿಂಗ್ಸ್‌ನಲ್ಲಿ ನಾವೇ ಹಾಗೆ ಮಾಡಿಕೊಂಡಿದ್ದರೆ. ಔಟ್‌ಲುಕ್‌ನ ಕ್ಲಾಸಿಕ್ ಡೆಸ್ಕ್‌ಟಾಪ್ ಆವೃತ್ತಿಯಲ್ಲಿ ಹೋಗುವ ಎಲ್ಲ ಮೇಲನ್ನೂ 120 ನಿಮಿಷದವರೆಗೆ ತಡೆಹಿಡಿಯುವ ನಿಯಮ ಹಾಕಿಕೊಳ್ಳಬಹುದು. ಸಿಟ್ಟಿನ ಮೇಲ್ ಬಂದ ಸಂಜೆ ನಾನು ಕಳಿಸುವುದು, ಕಳಿಸಲೇಬೇಕಿದ್ದರೆ, ಒಂದೇ ಸಾಲು: ‘ಮೇಲ್ ತಲುಪಿದೆ, ದಾಖಲೆ ನೋಡಿ ನಾಳೆ ಮಧ್ಯಾಹ್ನದೊಳಗೆ ಉತ್ತರಿಸುತ್ತೇವೆ.’ ಎರಡು ದಿನದ ಗಡುವು ಇದ್ದಾಗ ವಾರಗಟ್ಟಲೆ ಸುಮ್ಮನಿರುವುದು ತಾಳ್ಮೆಯಲ್ಲ. ಅಷ್ಟರಲ್ಲಿ ಮಾಲು ಗುಜರಿಯವನ ಲಾರಿ ಹತ್ತಿರುತ್ತದೆ.

ಮುಂದೆ ಆದದ್ದು

ಪರ್ಚೇಸ್ ಮ್ಯಾನೇಜರ್ ಅದೇ ದಿನ ಉತ್ತರಿಸಿದರು. ‘ಸೋಮವಾರ ಬನ್ನಿ, ನಿಮ್ಮ ಕೆಲಸದ ಚೆಂದ ನೀವೇ ನೋಡಿ. ದುಡ್ಡಿನ ಮಾತು ಆಮೇಲೆ.’ ದನಿ ಬದಲಾಗಿರಲಿಲ್ಲ, ಆದರೆ ವಿಷಯ ಬದಲಾಗಿತ್ತು. ‘ಎತ್ತಿಕೊಂಡು ಹೋಗಿ’ ಎಂಬುದು ‘ಬಂದು ನೋಡಿ’ ಆಗಿತ್ತು, ಸ್ಕ್ರ್ಯಾಪಿನ ಮಾತು ಬಿದ್ದುಹೋಗಿತ್ತು. ಒರಟು ಉತ್ತರಗಳನ್ನು ಓದುವಾಗ ನಾನು ಹುಡುಕುವುದು ಈ ಬದಲಾವಣೆಯನ್ನು. ಮಾಲೀಕರು ‘ಇನ್ನೂ ಹಂಗಿಸುತ್ತಾನೆ ನೋಡಿ’ ಎಂದು ಮತ್ತೆ ಬಿಸಿಯಾದರು. ನಾವು ಬರೆದದ್ದು ಒಂದು ಸಾಲು: ‘ಸೋಮವಾರ 10.30ಕ್ಕೆ ಬರುತ್ತೇವೆ. ಪಾವತಿಯ ಬಗ್ಗೆ ನಮ್ಮ ಜುಲೈ 25ರ ಮೇಲ್‌ನಲ್ಲಿ ಹೇಳಿದ್ದು ಹಾಗೇ ಇದೆ.’

ಈ ಎರಡನೇ ಸುತ್ತಿನಲ್ಲಿ ಹೆಚ್ಚಿನವರು ಜಾರುತ್ತಾರೆ. ಮೊದಲ ಸಲ ಹೇಳಿದ್ದು ನಾಟಲಿಲ್ಲವೇನೋ ಎಂದು ಹೊಸ ಕಾರಣ, ಹೊಸ ವಿವರಣೆ, ಹೊಸ ಪದ ಹುಡುಕುತ್ತಾರೆ. ಪ್ರತಿ ಹೊಸ ವಾಕ್ಯವೂ ಎದುರಿನವರಿಗೆ ಹೊಸ ಹಿಡಿ. ಹಳೆಯ ಮಾತನ್ನೇ ತಾರೀಖು ಹೇಳಿ ತೋರಿಸಿದರೆ ಸಾಕು.

ಸೋಮವಾರ ಗೇಜ್ ಹಾಕಿ ನೋಡಿದರು. ಡ್ರಾಯಿಂಗ್‌ನಲ್ಲಿ ರಂಧ್ರದ ಅಳತೆ 12 ಎಚ್7, ಅಂದರೆ 12.000ರಿಂದ 12.018 ಮಿಲಿಮೀಟರ್ ನಡುವೆ ಇರಬೇಕು. ಪ್ಲಗ್ ಗೇಜ್‌ನ ‘ಗೋ’ ತುದಿ ಸಲೀಸಾಗಿ ಒಳಹೋಗಬೇಕು, ‘ನೋ ಗೋ’ ತುದಿ ಹೋಗಬಾರದು. 200 ಪೀಸ್‌ಗಳಲ್ಲಿ ಬಹುಪಾಲಿನಲ್ಲಿ ‘ಗೋ’ ತುದಿ ಬಾಯಲ್ಲೇ ತಡೆಯುತ್ತಿತ್ತು. ಸೂಪರ್‌ವೈಸರ್ ಬೆರಳಿನ ಉಗುರು ಆಡಿಸಿ ನೋಡಿದರು: ಅಂಚಿನಲ್ಲಿ ಬರ್ ಉಳಿದಿತ್ತು, ಟೂಲ್ ಮೊಂಡಾದಾಗ ಏಳುವ ಲೋಹದ ಸಣ್ಣ ಮುಳ್ಳು. ಅಲ್ಲೇ ಕೂತು ಬರ್ ತೆಗೆದ ಮೇಲೆ 160 ಪೀಸ್ ಪಾಸಾದವು. 40ರಲ್ಲಿ ರಂಧ್ರವೇ ಕಿರಿದಾಗಿತ್ತು. ಅವು ನಮ್ಮ ತಪ್ಪು. ‘ಅರ್ಧ ಲಾಟ್’ ಎಂದು ಹೇಳಿದ್ದರಲ್ಲ, ಉಳಿದ ಮಾಲಿನಿಂದ ಅವರ ಇನ್‌ಸ್ಪೆಕ್ಟರೇ ಆಯ್ದುಕೊಟ್ಟ ಪೀಸ್‌ಗಳಲ್ಲಿ ಒಂದೂ ತಡೆಯಲಿಲ್ಲ. ಹಾಳೆಗೆ ಇಬ್ಬರ ಸಹಿಯೂ ಬಿತ್ತು.

ಅಲ್ಲಿ ಇನ್ನೊಂದು ಸಂಗತಿಯೂ ತಿಳಿಯಿತು. ಹಿಂದಿನ ವಾರ ಅವರ ಅಸೆಂಬ್ಲಿ ಲೈನ್ ಈ ಬಿಗಿ ಬುಷ್‌ಗಳಿಂದ ಅರ್ಧ ಪಾಳಿ ನಿಂತಿತ್ತು. ನಿರ್ದೇಶಕರು ಪರ್ಚೇಸ್ ಮ್ಯಾನೇಜರನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದರು. ಅದೇ ವೇಳೆಗೆ ನಮ್ಮ ಬಾಕಿಯ ನೆನಪೋಲೆ ಅವರ ಮೇಜಿಗೆ ಹೋಗಿತ್ತು. ಸಿಟ್ಟಿಗೆ ಕಾರಣವಿತ್ತು ಎಂದ ಮಾತ್ರಕ್ಕೆ ಅವರು ಬಳಸಿದ ಮಾತು ಸರಿಯಾಗುವುದಿಲ್ಲ. ಹಣ ಕೇಳಿದ ಕೂಡಲೇ ರಿಜೆಕ್ಷನ್ ಎತ್ತುವ ಗಿರಾಕಿಗಳೂ ಇದ್ದಾರೆ. ಅಂಥವರ ಮೇಲ್‌ನಲ್ಲಿ ಸಾಮಾನ್ಯವಾಗಿ ಅಳತೆ ಇರುವುದಿಲ್ಲ, ಜಂಟಿ ತಪಾಸಣೆಗೆ ದಿನ ಕೇಳಿದರೆ ದಿನ ಸಿಗುವುದಿಲ್ಲ. ಆದರೆ ಬರೆಯುವ ಹೊತ್ತಿಗೆ ಇವರು ಯಾವ ಪೈಕಿ ಎಂದು ತೀರ್ಮಾನಿಸುವ ಅಗತ್ಯವಿಲ್ಲ. ತಾರೀಖು ಕೊಟ್ಟು ‘ಬಂದು ನೋಡುತ್ತೇವೆ’ ಎಂಬ ಉತ್ತರ ಇಬ್ಬರಿಗೂ ಸಲ್ಲುತ್ತದೆ.

ದಿನ ಸಿಗದೇ ಹೋಗಿದ್ದರೆ, ಹಣವೂ ಬಾರದಿದ್ದರೆ, ಉದ್ಯಮ್ ನೋಂದಣಿ ಇರುವ ಈ ಘಟಕ ರಾಜ್ಯದ ಎಂಎಸ್‌ಇ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗಬಹುದಿತ್ತು. ಅಲ್ಲಿ ಮೊದಲು ರಾಜಿ ಸಂಧಾನ, ಆಗದಿದ್ದರೆ ಪಂಚಾಯ್ತಿ ತೀರ್ಪು. ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗುವ ಕೊಳ್ಳುವವರು ತೀರ್ಪಿನ ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ಹಾಗೆ ಹೋದಾಗಲೂ ಕಡತದಲ್ಲಿ ಮೊದಲು ಕಾಣುವ ಕಾಗದಗಳು ಆರ್ಡರ್, ಇನ್‌ವಾಯ್ಸ್, ಚಲನ್ ಮತ್ತು ಈ ಮೇಲ್‌ಗಳೇ.

ಈ ರೀತಿಯ ಉತ್ತರಕ್ಕೂ ಮಿತಿಯಿದೆ. ಬೈಗುಳದಲ್ಲಿ ಜಾತಿಯ ಹೆಸರು ಬಂದರೆ, ಹೆಣ್ಣುಮಗಳಿಗೆ ಅಶ್ಲೀಲ ಮಾತು ಬರೆದಿದ್ದರೆ, ಕೈಕಾಲು ಮುರಿಯುವ ಬೆದರಿಕೆಯಿದ್ದರೆ ಅದನ್ನು ಪೆನ್ನಿಂದ ಹೊಡೆದುಹಾಕಿ ಮುಂದೆ ಹೋಗುವಂತಿಲ್ಲ. ಅದು ವ್ಯಾಪಾರದ ತಕರಾರಲ್ಲ, ಅಪರಾಧ. ಆ ಮೇಲನ್ನು ಅಳಿಸದೆ ಮೂಲರೂಪದಲ್ಲೇ ಉಳಿಸಿಕೊಂಡು, ವ್ಯಾಪಾರದ ಉತ್ತರಕ್ಕೆ ಬೆರೆಸದೆ, ಪ್ರತ್ಯೇಕವಾಗಿ ದೂರು ಕೊಡಬೇಕು. ಬುಷ್‌ನ ಲೆಕ್ಕದ ಜೊತೆ ಅದನ್ನು ಸೇರಿಸಿದರೆ ಎರಡೂ ಚೌಕಾಸಿಯ ವಸ್ತುವಾಗುತ್ತವೆ.

ಜುಲೈ 31ಕ್ಕೆ ಹಣ ಬರಲಿಲ್ಲ. ಆಗಸ್ಟ್ 1ರಂದು ಸಹಿಯಾದ ಹಾಳೆ ಲಗತ್ತಿಸಿ, ಈ ಸಲ 2006ರ ಕಾಯ್ದೆಯನ್ನೂ ಬಡ್ಡಿಯನ್ನೂ ಒಂದೇ ವಾಕ್ಯದಲ್ಲಿ ನೆನಪಿಸಿ ಬರೆದೆವು. ಆಗಸ್ಟ್ ಎರಡನೇ ವಾರ 3,81,140 ರೂಪಾಯಿ ಖಾತೆಗೆ ಬಂತು. 40 ಪೀಸ್ ಬದಲಿಸಿ ಕೊಟ್ಟ ಮೇಲೆ ಉಳಿದ 20,060 ರೂಪಾಯಿಯೂ ಬಂತು. ಬಡ್ಡಿ ಕೇಳಲಿಲ್ಲ, ಅದು ಮಾಲೀಕರ ನಿರ್ಧಾರ. ಪರ್ಚೇಸ್ ಮ್ಯಾನೇಜರ್ ತಮ್ಮ ಮಾತಿಗೆ ಕ್ಷಮೆ ಕೇಳಲಿಲ್ಲ. ಅಕ್ಟೋಬರ್‌ನಲ್ಲಿ ಅವರಿಂದಲೇ 2,500 ಬುಷ್‌ಗಳ ಆರ್ಡರ್ ಬಂತು. ಅದರ ಷರತ್ತುಗಳಲ್ಲಿ ನಾವು ಕೇಳಿ ಸೇರಿಸಿಕೊಂಡ ಒಂದು ಸಾಲಿದೆ: ರಿಜೆಕ್ಷನ್ ಏನಿದ್ದರೂ ಮಾಲು ತಲುಪಿದ ಹತ್ತು ದಿನದೊಳಗೆ, ಪೀಸ್ ಸಂಖ್ಯೆ ಮತ್ತು ಅಳತೆ ಸಮೇತ, ಮಾರುವವರ ಅಧಿಕೃತ ಇ-ಮೇಲ್‌ಗೆ ತಿಳಿಸತಕ್ಕದ್ದು.